ಗೋಡಂಬಿ ಅಲರ್ಜಿ ಇರುವ ಮಗು ತೆಂಗಿನಕಾಯಿ ತಿನ್ನಬಹುದೇ? ಹಂತ ಹಂತವಾಗಿ ತಿಳಿಯುವ ದಾರಿ

ಮಗುವಿಗೆ ಗೋಡಂಬಿಯೋ ಬಾದಾಮಿಯೋ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಹಾಗಾದರೆ ತೆಂಗಿನಕಾಯಿ? ಹುಳಿ, ಪಲ್ಯ, ಚಟ್ನಿ, ಹೋಳಿಗೆ ಎಲ್ಲದಕ್ಕೂ ಕಾಯಿ ಬೇಕಾದ ನಮ್ಮ ಅಡುಗೆಮನೆಯಲ್ಲಿ ಇದರ ಉತ್ತರ ತಪ್ಪಾದರೆ ಎರಡು ಕಡೆಯಿಂದಲೂ ತೊಂದರೆ. ಕಾರಣವಿಲ್ಲದೆ ಕಾಯಿ ನಿಲ್ಲಿಸಿದರೆ ಮಗುವಿನ ಊಟವೇ ಕಟ್ಟಿದ ಹಾಗೆ. ಕಾರಣವಿದ್ದೂ ಕೊಟ್ಟರೆ ಅಪಾಯ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೆಂಗಿನಕಾಯಿ ಒಂದು ಹಣ್ಣು, ನಾವು ತುರಿಯುವ ಬಿಳಿ ತಿರುಳು ಅದರ ಬೀಜದ ಭಾಗ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ನಟ್ ಅಲ್ಲ. ಗೋಡಂಬಿ, ಬಾದಾಮಿ, ಅಕ್ರೋಟದಂಥ ಟ್ರೀ ನಟ್ ಅಲರ್ಜಿ ಇರುವವರಲ್ಲಿ ಹೆಚ್ಚಿನವರು ತೆಂಗಿನಕಾಯಿಯನ್ನು ಆರಾಮಾಗಿ ತಿನ್ನುತ್ತಾರೆ. ಆದರೆ ತೆಂಗಿನಕಾಯಿಗೇ ಅಲರ್ಜಿ ಇರುವವರು ಇದ್ದಾರೆ, ಎರಡಕ್ಕೂ ಇರುವವರೂ ಇದ್ದಾರೆ. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ಎಂದು ಕಂಡುಕೊಳ್ಳುವುದು ಹೇಗೆ ಎಂಬುದೇ ಈ ಬರಹ.

ಮೊದಲು ಕಾಯಿಯನ್ನೇ ಬಿಡಿಸಿ ನೋಡೋಣ

ಮರದಿಂದ ಇಳಿಸಿದ ಇಡೀ ಕಾಯಿಯನ್ನು ನೋಡಿ. ಹೊರಗೆ ನುಣುಪಾದ ತೆಳು ಸಿಪ್ಪೆ, ಅದರ ಕೆಳಗೆ ದಪ್ಪನೆಯ ನಾರಿನ ಮಟ್ಟೆ, ಅದರೊಳಗೆ ಕರಟ. ಮಾವಿನಹಣ್ಣಿನಲ್ಲೂ ಇದೇ ಮೂರು ಪದರ ಇವೆ: ಸಿಪ್ಪೆ, ತಿನ್ನುವ ಭಾಗ, ಗಟ್ಟಿ ಗೊರಟು. ಮಾವಿನಲ್ಲಿ ನಡುವಿನ ಪದರ ರಸ ತುಂಬಿಕೊಂಡಿದೆ, ತೆಂಗಿನಲ್ಲಿ ಅದು ನಾರಾಗಿದೆ, ಅಷ್ಟೇ. ಹೀಗೆ ಒಳಗೆ ಗಟ್ಟಿ ಗೊರಟಿರುವ ಹಣ್ಣಿಗೆ ಸಸ್ಯಶಾಸ್ತ್ರದಲ್ಲಿ ಅಷ್ಟಿಫಲ ಎನ್ನುತ್ತಾರೆ. ಕರಟವೇ ತೆಂಗಿನ ಗೊರಟು.

ಕರಟದ ಒಳಗಿರುವುದು ಬೀಜ. ತಿರುಳಿಗೆ ಅಂಟಿಕೊಂಡಿರುವ ಕಂದು ಪೊರೆ ಬೀಜದ ಸಿಪ್ಪೆ. ಬಿಳಿ ತಿರುಳು ಮತ್ತು ಒಳಗಿನ ನೀರು ಎರಡೂ ಮೊಳೆಯುವ ಸಸಿಗೆಂದು ಕೂಡಿಟ್ಟ ಆಹಾರ. ಜುಟ್ಟಿನ ಬುಡದಲ್ಲಿ ಕಾಣುವ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಬೆರಳಿನಿಂದ ಒತ್ತಿದರೂ ಗೊತ್ತಾಗುತ್ತದೆ. ಭ್ರೂಣ ಇರುವುದು ಆ ಕಣ್ಣಿನ ಕೆಳಗೆ. ಮೊಳಕೆ ಬಂದ ಕಾಯಿ ಒಡೆದಾಗ ಒಳಗೆ ಸಿಗುವ ಸ್ಪಂಜಿನಂಥ ಸಿಹಿ ಉಂಡೆ, ಆ ಭ್ರೂಣವೇ ಬೆಳೆದು ತಿರುಳನ್ನು ಹೀರಿಕೊಳ್ಳಲು ಮಾಡಿಕೊಂಡ ಅಂಗ. ಮಕ್ಕಳು ಅದಕ್ಕಾಗಿ ಕಿತ್ತಾಡುವುದನ್ನು ತೋಟವಿರುವ ಮನೆಯವರೆಲ್ಲ ನೋಡಿರುತ್ತಾರೆ.

ಸಸ್ಯಶಾಸ್ತ್ರದ ನಿಜವಾದ ನಟ್ ಎಂದರೆ ಸಿಪ್ಪೆಯೆಲ್ಲ ಗಟ್ಟಿಯಾದ, ತಾನಾಗಿ ಬಿರಿಯದ ಒಣ ಹಣ್ಣು. ಹೇಜಲ್‌ನಟ್ ಮತ್ತು ಚೆಸ್ಟ್‌ನಟ್ ಆ ಜಾತಿಯವು. ಆ ಅಳತೆಗೋಲು ಹಿಡಿದರೆ ಬಾದಾಮಿಯೂ ನಟ್ ಅಲ್ಲ, ಅದು ಅಷ್ಟಿಫಲದೊಳಗಿನ ಬೀಜ. ಗೋಡಂಬಿಯೂ ಅಲ್ಲ. ನಾವು ಗೇರುಹಣ್ಣು ಎಂದು ತಿನ್ನುವುದು ಉಬ್ಬಿದ ತೊಟ್ಟು, ಅದರ ತುದಿಯಲ್ಲಿ ನೇತಾಡುವುದೇ ನಿಜವಾದ ಹಣ್ಣು, ಗೋಡಂಬಿ ಅದರ ಬೀಜ. ಶೇಂಗಾ ಅಂತೂ ಅವರೆ, ತೊಗರಿಯ ಕುಲದ್ದು. ಹಾಗಾಗಿ "ತೆಂಗು ನಟ್ ಅಲ್ಲ, ಆದ್ದರಿಂದ ಭಯವಿಲ್ಲ" ಎಂಬ ವಾದ ನಿಲ್ಲುವುದಿಲ್ಲ. ಬಾದಾಮಿಯೂ ನಟ್ ಅಲ್ಲ, ಆದರೂ ಅಲರ್ಜಿ ತರುತ್ತದೆ.

ಮೈ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪ್ರೋಟೀನನ್ನು. ಬೀಜಗಳು ಮೊಳಕೆಗಾಗಿ ಕೂಡಿಡುವ ಪ್ರೋಟೀನುಗಳೇ ಬಹುಪಾಲು ಅಲರ್ಜಿಯ ಮೂಲ. ಹತ್ತಿರದ ಸಂಬಂಧಿ ಗಿಡಗಳಲ್ಲಿ ಅವು ಒಂದನ್ನೊಂದು ಹೋಲುತ್ತವೆ. ಗೋಡಂಬಿ ಮತ್ತು ಪಿಸ್ತಾ ಒಂದೇ ಕುಟುಂಬದವು, ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಇರುವುದು ಬಹಳ ಸಾಮಾನ್ಯ. ಅಕ್ರೋಟ ಮತ್ತು ಪೆಕಾನ್ ಹಾಗೆಯೇ. ತೆಂಗು ಇವುಗಳಿಂದ ಬಹಳ ದೂರ, ಅಡಿಕೆ, ಖರ್ಜೂರ, ಈಚಲು, ತಾಳೆಯ ಬಳಗ ಅದರದು. ಆದರೂ ಪ್ರೋಟೀನಿನ ಬಗೆ ಒಂದೇ ಆಗಿರುವುದರಿಂದ ಅಪರೂಪಕ್ಕೆ ಮೈ ಗೊಂದಲಕ್ಕೆ ಬೀಳುತ್ತದೆ. ಅಕ್ರೋಟ ಅಥವಾ ಹೇಜಲ್‌ನಟ್ ಅಲರ್ಜಿ ಇದ್ದ ಕೆಲವರು ತೆಂಗಿನಕಾಯಿಗೂ ಪ್ರತಿಕ್ರಿಯಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅದಕ್ಕಾಗಿಯೇ ಊಹೆ ಬಿಟ್ಟು ಮುಂದಿನ ಹೆಜ್ಜೆಗಳನ್ನು ಇಡಬೇಕು.

ಹೆಜ್ಜೆ 1: ಮಗು ಈಗಾಗಲೇ ಕಾಯಿ ತಿಂದಿದೆಯೇ?

ಎಲ್ಲಕ್ಕಿಂತ ಬೆಲೆಯುಳ್ಳ ಮಾಹಿತಿ ಇದು, ಇದಕ್ಕೆ ಕಾಸೂ ಖರ್ಚಿಲ್ಲ. ಗೋಡಂಬಿ ಅಲರ್ಜಿ ಕಾಣಿಸಿಕೊಂಡ ನಂತರವೂ ಮಗು ಕಾಯಿಚಟ್ನಿ, ಕಾಯಿ ಹಾಕಿದ ಪಲ್ಯ, ಕಾಯಿಹಾಲಿನ ಪಾಯಸ ಮಾಮೂಲಾಗಿ ತಿಂದು ಏನೂ ಆಗಿಲ್ಲವಾದರೆ, ತೆಂಗಿನಕಾಯಿ ಆ ಮಗುವಿಗೆ ಒಗ್ಗುತ್ತದೆ. ನಿಲ್ಲಿಸಬೇಡಿ, ಪರೀಕ್ಷೆಯನ್ನೂ ಮಾಡಿಸಬೇಡಿ. ಏಕೆ ಬೇಡ ಎಂಬುದನ್ನು ಮುಂದೆ ಹೇಳುತ್ತೇನೆ.

ಒಗ್ಗುವ ಆಹಾರವನ್ನು ಸುಮ್ಮನೆ ತಿಂಗಳುಗಟ್ಟಲೆ ನಿಲ್ಲಿಸುವುದರಲ್ಲಿ ಇನ್ನೊಂದು ಅಪಾಯವಿದೆ. ರಕ್ತದಲ್ಲಿ ಆ ಆಹಾರದ ವಿರುದ್ಧ ಪ್ರತಿಕಾಯ ಇದ್ದು, ದಿನವೂ ತಿನ್ನುತ್ತಿರುವುದರಿಂದಲೇ ಮೈ ಸಹಿಸಿಕೊಂಡಿರುವ ಮಕ್ಕಳೂ ಇರುತ್ತಾರೆ. ಅಂಥವರಲ್ಲಿ ಬಹುಕಾಲ ಬಿಟ್ಟು ಮತ್ತೆ ಕೊಟ್ಟಾಗ ಆ ಸಹನೆ ಹೋಗಿರಬಹುದು.

ಹೆಜ್ಜೆ 2: ಆ ದಿನದ ತಟ್ಟೆಯಲ್ಲಿ ಮತ್ತೇನಿತ್ತು?

ಕಾಯಿ ಹಾಕಿದ ಅಡುಗೆ ತಿಂದು ತುಟಿ ಊದಿದರೆ ತಪ್ಪು ಕಾಯಿಯ ಮೇಲೆ ಬರುತ್ತದೆ. ಆದರೆ ನಮ್ಮಲ್ಲಿ ಕಾಯಿಯನ್ನು ಒಂಟಿಯಾಗಿ ರುಬ್ಬುವುದೇ ಕಡಿಮೆ. ಹೋಟೆಲಿನ ಬಿಳಿ ಚಟ್ನಿಯಲ್ಲಿ ಹುರಿಗಡಲೆ ಇರಬಹುದು, ಶೇಂಗಾ ಇರಬಹುದು. ಮದುವೆಮನೆಯ ಕುರ್ಮಾ, ಸಾಗುವಿನಲ್ಲಿ ಕಾಯಿಯ ಜೊತೆ ಗೋಡಂಬಿ, ಗಸಗಸೆ ರುಬ್ಬಿರುತ್ತಾರೆ, ರುಬ್ಬಿದ ಮೇಲೆ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದ ಒಂದು ಹಿಡಿಯಲ್ಲಿ ಎಳ್ಳು, ಶೇಂಗಾ, ಕೊಬ್ಬರಿ, ಹುರಿಗಡಲೆ ಎಲ್ಲವೂ ಇವೆ, ಅವುಗಳಲ್ಲಿ ಎಳ್ಳು ಮತ್ತು ಶೇಂಗಾ ಎರಡೂ ಬಲವಾದ ಅಲರ್ಜಿ ತರಬಲ್ಲವು. ಕೊಬ್ಬರಿ ಮಿಠಾಯಿಯನ್ನು ಕಾಜು ಬರ್ಫಿ ಕತ್ತರಿಸಿದ ಚಾಕುವಿನಿಂದಲೇ ಕತ್ತರಿಸಿದ್ದರೆ ಅಷ್ಟೇ ಸಾಕು.

ಒಂದು ಹಾಳೆ ತೆಗೆದುಕೊಂಡು ಆ ದಿನವೇ ಬರೆದಿಡಿ: ಏನು ತಿಂದದ್ದು, ಎಷ್ಟು, ತಿಂದ ಎಷ್ಟು ನಿಮಿಷಕ್ಕೆ ಏನಾಯಿತು, ಯಾವ ಮಾತ್ರೆಗೆ ಎಷ್ಟು ಹೊತ್ತಿನಲ್ಲಿ ಇಳಿಯಿತು. ಈ ಬಗೆಯ ಅಲರ್ಜಿ ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಮರುದಿನ ಬೆಳಗ್ಗೆ ಬಂದ ಹೊಟ್ಟೆನೋವನ್ನು ಹಿಂದಿನ ರಾತ್ರಿಯ ಚಟ್ನಿಗೆ ಕಟ್ಟುವುದು ಕಷ್ಟ. ಅಡುಗೆಯವರನ್ನು ಕೇಳುವಾಗ "ನಟ್ಸ್ ಹಾಕಿದ್ದೀರಾ?" ಎಂದು ಕೇಳಬೇಡಿ. "ಅಣ್ಣಾ, ಈ ಸಾಗುಗೆ ರುಬ್ಬೋಕೆ ಏನೇನು ಹಾಕಿದ್ರಿ? ಗೋಡಂಬಿ ಹಾಕಿದ್ರಾ, ಶೇಂಗಾ ಹಾಕಿದ್ರಾ?" ಎಂದು ಹೆಸರು ಹಿಡಿದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಮತ್ತೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪೊಟ್ಟಣದಲ್ಲಿ ಬರುವ ಒಣ ಕಾಯಿತುರಿ ಬೆಳ್ಳಗೇ ಉಳಿಯಲೆಂದು ಕೆಲವು ಕಡೆ ಸಲ್ಫೈಟ್ ಬಳಸುತ್ತಾರೆ. ಪೊಟ್ಟಣದ ಮೇಲೆ ಐಎನ್‌ಎಸ್ 220ರಿಂದ 228ರ ನಡುವಿನ ಸಂಖ್ಯೆಯಿದ್ದರೆ ಅದೇ. ಉಬ್ಬಸ ಇರುವ ಕೆಲವರಿಗೆ ಸಲ್ಫೈಟಿನಿಂದ ಉಸಿರು ಕಟ್ಟುತ್ತದೆ. ಮನೆಯ ಹಸಿ ಕಾಯಿಗೆ ಏನೂ ಆಗದ ಮಗುವಿಗೆ ಪೊಟ್ಟಣದ ತುರಿ ಹಾಕಿದ ಬಿಸ್ಕತ್ತಿನಿಂದ ಮಾತ್ರ ಕೆಮ್ಮು, ಉಬ್ಬಸ ಬಂದರೆ ಈ ಕಡೆಗೂ ಯೋಚಿಸಿ.

ಹೆಜ್ಜೆ 3: ಪರೀಕ್ಷೆ ಯಾವಾಗ, ಅದರ ಫಲಿತಾಂಶ ಓದುವುದು ಹೇಗೆ

ಮೇಲಿನ ಎರಡು ಹೆಜ್ಜೆ ಮುಗಿದ ಮೇಲೂ ಅನುಮಾನ ಉಳಿದರೆ ಅಲರ್ಜಿ ತಜ್ಞರ ಬಳಿ ಹೋಗಿ. ಮಗು ಕಾಯಿ ಮುಟ್ಟಿಯೇ ಇಲ್ಲ, ಟ್ರೀ ನಟ್‌ಗೆ ತೀವ್ರ ಪ್ರತಿಕ್ರಿಯೆ ಆಗಿತ್ತು ಎಂದಾದರೂ ಹೋಗಿ. ಚರ್ಮದ ಚುಚ್ಚುಪರೀಕ್ಷೆಯಲ್ಲಿ ಮುಂಗೈ ಮೇಲೆ ಒಂದು ಹನಿ ಸಾರ ಹಾಕಿ ಚರ್ಮವನ್ನು ತುಸುವೇ ಚುಚ್ಚುತ್ತಾರೆ. ತೆಂಗಿನಕಾಯಿಗೆ ಕೆಲವರು ಹಸಿ ತಿರುಳನ್ನೇ ಬಳಸುತ್ತಾರೆ, ಮೊದಲು ತಿರುಳಿಗೆ ಚುಚ್ಚಿ ಅದೇ ಸೂಜಿಯನ್ನು ಚರ್ಮಕ್ಕೆ ತಾಗಿಸುತ್ತಾರೆ. ಹಾಗಾಗಿ ಒಂದು ಹೋಳು ಕಾಯಿ ಜೊತೆಗೆ ತರಲು ಹೇಳಿದರೆ ಅಚ್ಚರಿಪಡಬೇಡಿ. ಹದಿನೈದು ನಿಮಿಷದ ನಂತರ ಎದ್ದ ದದ್ದನ್ನು ಅಳೆಯುತ್ತಾರೆ, ಹೋಲಿಸಲೆಂದು ಆಹಾರದ ಸಾರವಿಲ್ಲದ ಬರೀ ದ್ರಾವಣ ಹಾಕಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಿದ್ದರೆ ಪಾಸಿಟಿವ್. ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ದದ್ದು ಏಳುವುದೇ ಇಲ್ಲ. ಎಷ್ಟು ದಿನ ಎಂದು ಸಮಯ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ. ರಕ್ತ ಪರೀಕ್ಷೆಗೆ ಮಾತ್ರೆಯ ಅಡ್ಡಿಯಿಲ್ಲ.

ಈಗ ಮುಖ್ಯವಾದ ಮಾತು. ಪಾಸಿಟಿವ್ ಬಂತು ಎಂದರೆ ಅಲರ್ಜಿ ಇದೆ ಎಂದಲ್ಲ, ಮೈ ಆ ಪ್ರೋಟೀನನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ. ತಿಂದಾಗ ಏನಾಗುತ್ತದೆ ಎಂಬುದು ಬೇರೆ. ಈ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಲೆಕ್ಕವಿದೆ. ಕರ್ನಾಟಕದ ವಯಸ್ಕರಲ್ಲಿ 24 ಸಾಮಾನ್ಯ ಆಹಾರಗಳ ಬಗ್ಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 26.5ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯ ಸಿಕ್ಕಿತು. ನಿಜಕ್ಕೂ ಆಹಾರದ ಅಲರ್ಜಿ ಇರಬಹುದು ಎನಿಸಿದ್ದು ಶೇಕಡ 1.2ರಷ್ಟು ಜನರಿಗೆ ಮಾತ್ರ. ಆರಾಮಾಗಿ ತಿನ್ನುತ್ತಿರುವ ಆಹಾರಕ್ಕೆ ಪರೀಕ್ಷೆ ಬೇಡ ಎಂದದ್ದು ಇದಕ್ಕೇ. ಬೇಡದ ಪರೀಕ್ಷೆಯಿಂದ ಬೇಡದ ಪಥ್ಯ ಶುರುವಾಗುತ್ತದೆ. ಪ್ರಯೋಗಾಲಯಗಳು ಮಾರುವ ನೂರಾರು ಆಹಾರಗಳ "ಪ್ಯಾಕೇಜ್" ಪರೀಕ್ಷೆಗಳಿಂದ ದೂರವಿರಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಹೆಜ್ಜೆ 4: ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವುದು

ಕೊನೆಯ ತೀರ್ಮಾನ ಆಗುವುದು ತಿನ್ನಿಸಿ ನೋಡಿದಾಗಲೇ. ಅನುಮಾನವಿರುವ ಮಗುವಿಗೆ ಇದನ್ನು ಮನೆಯಲ್ಲಿ ಮಾಡಬಾರದು, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು ಕೈಗೆಟಕುವ ಜಾಗದಲ್ಲಿ ವೈದ್ಯರ ಕಣ್ಣೆದುರೇ ಆಗಬೇಕು. ಹೇಗೆ ನಡೆಯುತ್ತದೆ ಎಂಬುದಕ್ಕೆ ಹೀಗೊಂದು ಉದಾಹರಣೆ ಇಟ್ಟುಕೊಳ್ಳೋಣ.

ಆರು ವರ್ಷದ ಹುಡುಗ. ಮೂರು ವರ್ಷದವನಿದ್ದಾಗ ಕಾಜು ಬರ್ಫಿ ತಿಂದು ವಾಂತಿ, ಮೈತುಂಬ ದದ್ದು ಬಂದು ಗೋಡಂಬಿ, ಪಿಸ್ತಾ ಅಲರ್ಜಿ ಎಂದು ಖಚಿತವಾಗಿದೆ. ಮನೆಯಲ್ಲಿ ದಿನವೂ ಕಾಯಿ ತಿನ್ನುತ್ತಿದ್ದ. ಒಂದು ಮದುವೆಯಲ್ಲಿ ಪೂರಿ ಸಾಗು ತಿಂದ ಹತ್ತು ನಿಮಿಷಕ್ಕೆ ತುಟಿ ಊದಿತು. "ಕಾಯೀನೂ ಅದೇ ಜಾತಿ ಕಣಮ್ಮ, ನಿಲ್ಸಿಬಿಡು" ಎಂದು ಅಜ್ಜಿ ಸೊಸೆಗೆ ಹೇಳಿದರು, ಕಾಯಿ ನಿಂತಿತು. ಎಂಟು ತಿಂಗಳ ಮೇಲೆ ವೈದ್ಯರ ಬಳಿ ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಸಾಗುವಿನಲ್ಲಿ ಏನಿತ್ತು ಎಂಬುದು. ಅಡುಗೆಯವರಿಗೆ ಫೋನ್ ಮಾಡಿದರೆ ಕಾಯಿ, ಹುರಿಗಡಲೆ, ಗಸಗಸೆ, ಕೊತ್ತಂಬರಿ, ಹಸಿಮೆಣಸಿನಕಾಯಿ, ಗೋಡಂಬಿ ಎಂದರು. ಊತಕ್ಕೆ ಗೋಡಂಬಿಯೇ ಸಾಕಷ್ಟು ಕಾರಣ. ಆದರೆ ಎಂಟು ತಿಂಗಳು ಕಾಯಿ ಬಿಟ್ಟಿದ್ದರಿಂದ ಸೀದಾ ಮನೆಯಲ್ಲೇ ಶುರುಮಾಡಿ ಎಂದು ವೈದ್ಯರು ಹೇಳಲಿಲ್ಲ. ಚುಚ್ಚುಪರೀಕ್ಷೆಯಲ್ಲಿ ತೆಂಗಿಗೆ 3 ಮಿಲಿಮೀಟರ್ ದದ್ದು ಬಂತು, ಎಲ್ಲೆಯ ಮೇಲೆ ನಿಂತ ಫಲಿತಾಂಶ. ಹಾಗಾಗಿ ತಿನ್ನಿಸಿ ನೋಡಲು ದಿನ ಗೊತ್ತಾಯಿತು.

ಆ ದಿನ ಹುಡುಗನಿಗೆ ನೆಗಡಿ, ಜ್ವರ, ಉಬ್ಬಸ ಯಾವುದೂ ಇರಬಾರದು. ಬೇರೇನೂ ಬೆರೆಸದ ಹಸಿ ಕಾಯಿತುರಿ ಮನೆಯಿಂದ ಬಂತು, ಅದನ್ನು ತುರಿದ ಮಣೆಯನ್ನೂ ಡಬ್ಬಿಯನ್ನೂ ಚೆನ್ನಾಗಿ ತೊಳೆದಿದ್ದರು. ಮೊದಲು ಚಿಟಿಕೆಯಷ್ಟು. ಇಪ್ಪತ್ತು ನಿಮಿಷ ಕಾದು ಬಾಯಿ, ಚರ್ಮ, ಉಸಿರಾಟ ನೋಡಿದರು. ಮತ್ತೆ ಕಾಲು ಚಮಚ, ಅರ್ಧ ಚಮಚ, ಹೀಗೆ ಪ್ರತಿ ಸಲವೂ ಕಾದು ಏರಿಸುತ್ತ ಆ ವಯಸ್ಸಿನ ಮಗು ಒಂದು ಊಟಕ್ಕೆ ತಿನ್ನುವಷ್ಟು ತಲುಪಿದರು. ನಡುವೆ ದದ್ದು, ವಾಂತಿ, ಕೆಮ್ಮು ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ ಚಿಕಿತ್ಸೆ ಕೊಡುತ್ತಿದ್ದರು. ಏನೂ ಬರಲಿಲ್ಲ. ಕೊನೆಯ ತುತ್ತಿನ ನಂತರ ಎರಡು ಗಂಟೆ ಕೂರಿಸಿಕೊಂಡು ಕಳಿಸಿದರು. ಕಾಯಿ ಅಡುಗೆಗೆ ವಾಪಸ್ ಬಂತು, ವಾರದಲ್ಲಿ ಕೆಲವು ಸಲವಾದರೂ ತಪ್ಪದೆ ಕೊಡಿ ಎಂಬ ಸೂಚನೆಯೊಂದಿಗೆ. ಗೋಡಂಬಿ, ಪಿಸ್ತಾ ಪಥ್ಯ ಹಾಗೇ ಮುಂದುವರಿಯಿತು.

ಒಂದು ವೇಳೆ ಪ್ರತಿಕ್ರಿಯೆ ಬಂದಿದ್ದರೆ? ಆಗ ತೆಂಗಿನಕಾಯಿಯನ್ನು ಎಲ್ಲ ರೂಪದಲ್ಲೂ ಬಿಡಬೇಕು: ಎಳನೀರು, ಕಾಯಿಹಾಲು, ಕೊಬ್ಬರಿ, ದೇವಸ್ಥಾನದ ಪ್ರಸಾದದಲ್ಲಿನ ಕಾಯಿಹೋಳು. ಮರೆತುಹೋಗುವುದು ಪುಡಿಗಳು. ಚಟ್ನಿಪುಡಿ, ಬಿಸಿಬೇಳೆಬಾತಿನ ಪುಡಿ, ವಾಂಗಿಬಾತಿನ ಪುಡಿಗಳಲ್ಲಿ ಒಣಕೊಬ್ಬರಿ ಇರುವುದು ಹೆಚ್ಚು. ಶುದ್ಧೀಕರಿಸಿದ ಕೊಬ್ಬರಿ ಎಣ್ಣೆಯಲ್ಲಿ ಪ್ರೋಟೀನ್ ನಗಣ್ಯ, ಗಾಣದ ಎಣ್ಣೆಯಲ್ಲಿ ತುಸು ಉಳಿದಿರಬಹುದು. ಯಾವುದು ಸರಿ ಎಂದು ನಿಮ್ಮ ವೈದ್ಯರನ್ನೇ ಕೇಳಿ. ಹುಳಿ ಮಂದವಾಗಲು ಹುರಿಗಡಲೆ ಅಥವಾ ನೆನೆಸಿದ ಅಕ್ಕಿ ರುಬ್ಬಿ ಹಾಕಬಹುದು. ಕಾಯಿ ಬದಲು ಗೋಡಂಬಿ ರುಬ್ಬುವುದು ಈಗ ಹಲವರ ರೂಢಿ, ಗೋಡಂಬಿ ಅಲರ್ಜಿಯೂ ಇರುವ ಮನೆಯಲ್ಲಿ ಅದನ್ನು ಮಾಡಬೇಡಿ.

ತುರ್ತು ಬಂದಾಗ

ಬರೀ ನಾಲ್ಕು ದದ್ದು, ತುಟಿಯ ಸಣ್ಣ ಊತವಾದರೆ ವೈದ್ಯರು ಬರೆದುಕೊಟ್ಟ ಅಲರ್ಜಿ ಔಷಧಿ ಕೊಟ್ಟು ಕಣ್ಣಿಟ್ಟಿರಿ. ಧ್ವನಿ ಒಡೆದರೆ, ಉಸಿರಾಡುವಾಗ ಸದ್ದು ಬಂದರೆ, ಬಿಡದೆ ಕೆಮ್ಮು ಬಂದರೆ, ಮಗು ಬಿಳಿಚಿಕೊಂಡು ತೂಕಡಿಸಿದರೆ, ದದ್ದಿನ ಜೊತೆ ಮತ್ತೆ ಮತ್ತೆ ವಾಂತಿಯಾದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಅದಕ್ಕೆ ಔಷಧಿ ಅಡ್ರಿನಾಲಿನ್ ಒಂದೇ, ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕು. ಮಾತ್ರೆ ನುಂಗಿಸಿ ಕಾಯುತ್ತ ಕೂರಬಾರದು. 108ಕ್ಕೆ ಕರೆ ಮಾಡಿ, ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಕೂರಿಸಿ, ನಡೆಸಬೇಡಿ. ತಾನೇ ಚುಚ್ಚಿಕೊಳ್ಳುವ ಅಡ್ರಿನಾಲಿನ್ ಪೆನ್ನು ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಮಗುವಿನ ತೂಕಕ್ಕೆ ಎಷ್ಟು ಪ್ರಮಾಣ, ಸಿರಿಂಜಿನಲ್ಲಿ ಹೇಗೆ ತೆಗೆದುಕೊಳ್ಳಬೇಕು ಎಂದು ವೈದ್ಯರಿಂದ ಬರೆಸಿಕೊಂಡು, ಅವರ ಎದುರೇ ಕಲಿತುಕೊಳ್ಳಿ. ಮಗುವಿನ ತೂಕ ಏರಿದಂತೆ ಆ ಚೀಟಿಯನ್ನೂ ಹೊಸದು ಮಾಡಿಸಿ.

ಅಂಗಡಿಯಲ್ಲಿ ಪೊಟ್ಟಣ ಓದುವಾಗ

ಭಾರತದಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ ಹಾಲು, ಮೊಟ್ಟೆ, ಮೀನು, ಸೋಯಾ, ಶೇಂಗಾ, ಟ್ರೀ ನಟ್ ಮುಂತಾದವನ್ನು ಅಲರ್ಜಿಯ ಸಾಲಿನಲ್ಲಿ ಬೇರೆಯಾಗಿ ಹೇಳಬೇಕು ಎನ್ನುತ್ತದೆ. ತೆಂಗಿನಕಾಯಿಯ ಹೆಸರು ಆ ಪಟ್ಟಿಯಲ್ಲಿ ಬಿಡಿಯಾಗಿ ಇಲ್ಲ. ಹಾಗಾಗಿ ತೆಂಗಿನ ಅಲರ್ಜಿ ಇರುವವರು ಅಲರ್ಜಿ ಸಾಲನ್ನು ನಂಬದೆ ಪದಾರ್ಥಗಳ ಇಡೀ ಪಟ್ಟಿ ಓದಬೇಕು. ಗೋಡಂಬಿ ಅಲರ್ಜಿ ಇರುವವರು ಅದಕ್ಕೆ ವಿರುದ್ಧವಾಗಿ, "ಕಾಯಿಹಾಲಿನ ಐಸ್‌ಕ್ರೀಮ್" ಎಂಬ ಹೆಸರು ನೋಡಿ ನಿಶ್ಚಿಂತರಾಗಬಾರದು. ಹಾಲಿಲ್ಲದ ಐಸ್‌ಕ್ರೀಮ್, ಚೀಸ್‌ಗಳನ್ನು ಗಟ್ಟಿ ಮಾಡಲು ಗೋಡಂಬಿ ಬಳಸುವುದು ಸಾಮಾನ್ಯ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ವಿಶೇಷ ಸೂಚನೆ. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2006ರಿಂದ ತೆಂಗಿನಕಾಯಿಯನ್ನು ಟ್ರೀ ನಟ್ ಪಟ್ಟಿಯಲ್ಲೇ ಇಟ್ಟಿತ್ತು. ಊರಿನಿಂದ ಹೋದ ಎಷ್ಟೋ ಮಂದಿಗೆ ಈ ಗೊಂದಲ ಶುರುವಾದದ್ದೇ ಅಲ್ಲಿನ ಪೊಟ್ಟಣಗಳಿಂದ. 2025ರ ಜನವರಿಯಲ್ಲಿ ಎಫ್‌ಡಿಎ ಆ ಪಟ್ಟಿ ಪರಿಷ್ಕರಿಸಿ ತೆಂಗನ್ನು ತೆಗೆದುಹಾಕಿತು. ಯುರೋಪ್ ಒಕ್ಕೂಟ ಮತ್ತು ಬ್ರಿಟನ್ನಿನ ಪಟ್ಟಿಗಳಲ್ಲಿ ತೆಂಗು ಇಲ್ಲ. ಈಗ ಅಮೆರಿಕದಲ್ಲಿ ತೆಂಗಿನಕಾಯಿಯನ್ನು ಪದಾರ್ಥಗಳ ಪಟ್ಟಿಯಲ್ಲಿ ಹೇಳಲೇಬೇಕು, ಕೆಳಗಿನ ಅಲರ್ಜಿ ಸಾಲಿನಲ್ಲಿ ಹೇಳಬೇಕಿಲ್ಲ. ಹಳೆಯ ಲೇಬಲ್ ನೋಡಿ ಅಭ್ಯಾಸವಾದ ತೆಂಗಿನ ಅಲರ್ಜಿಯವರು ಇದನ್ನು ಮನಸ್ಸಿನಲ್ಲಿಡಬೇಕು: ಅಲರ್ಜಿ ಸಾಲಿನಲ್ಲಿ ಟ್ರೀ ನಟ್ ಎಂದು ಇಲ್ಲದಿದ್ದರೂ ತಿಂಡಿಯೊಳಗೆ ಕಾಯಿ ಇರಬಹುದು.

ಶಾಂಪೂ, ಸೋಪಿನ ಬಗ್ಗೆಯೂ ಹಲವರು ಕೇಳುತ್ತಾರೆ. ಅವುಗಳಲ್ಲಿನ ಕೋಕಮಿಡೋಪ್ರೊಪೈಲ್ ಬೀಟೇನ್ ಎಂಬ ನೊರೆ ತರುವ ರಾಸಾಯನಿಕವನ್ನು ಕೊಬ್ಬರಿ ಎಣ್ಣೆಯಿಂದ ತಯಾರಿಸುತ್ತಾರೆ. ಅದರಿಂದ ಕೆಲವರ ನೆತ್ತಿ, ಕಣ್ಣುರೆಪ್ಪೆ ಕೆಂಪಾಗಿ ತುರಿಕೆ ಬರುತ್ತದೆ, ಅದೂ ಒಂದೆರಡು ದಿನ ಕಳೆದ ಮೇಲೆ. ಇದು ಚರ್ಮಕ್ಕೆ ತಾಗಿದ್ದರಿಂದ ಬರುವ ಬೇರೆ ಬಗೆಯ ಅಲರ್ಜಿ, ಇದಕ್ಕಾಗಿ ಕಾಯಿಚಟ್ನಿ ಬಿಡಬೇಕಾಗಿಲ್ಲ. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ. ಪಟ್ಟಿಯನ್ನು ಎರಡು ದಿನದ ಮೇಲೆ ತೆಗೆಯುತ್ತಾರೆ, ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಿಸಬಾರದು.